ನೀರಿನ ನೋಟಿಸಿನ ರಿಪೇರಿ: ಮುಖ್ಯ ಮಾತನ್ನು ವಾಕ್ಯದ ಕೊನೆಗೆ ತಂದ ಕೆಲಸ

ರಿಪೇರಿಗೆ ಬಂದದ್ದು ನಮ್ಮ ಅಪಾರ್ಟ್‌ಮೆಂಟಿನ ಒಂದು ನೋಟಿಸು. ಸಂಪು ಮತ್ತು ಮೇಲಿನ ಟ್ಯಾಂಕು ತೊಳೆಸುವಾಗ ಲಿಫ್ಟಿನ ಪಕ್ಕ ಅಂಟಿಸುವ ಒಂದು ಹಾಳೆ. ಹಿಂದಿನ ಸಲ ಇದೇ ಹಾಳೆ ಅಂಟಿಸಿದ್ದರು. ಆಗ ಎರಡು ಮನೆಯವರು ನಲ್ಲಿ ತೆರೆದಿಟ್ಟು ಬೀಗ ಹಾಕಿಕೊಂಡು ಹೋಗಿದ್ದರು. ಸಂಜೆ ನೀರು ಬಂದಾಗ ಕಾರಿಡಾರೆಲ್ಲ ಹೊಳೆ. ಇನ್ನೊಬ್ಬರು ತೊಳೆದ ದಿನದ ನೀರಲ್ಲೇ ಅನ್ನ ಮಾಡಿ, ಬ್ಲೀಚಿಂಗ್ ಪುಡಿಯ ವಾಸನೆ ಅಂತ ಜಗಳಕ್ಕೆ ಬಂದಿದ್ದರು. ಎರಡೂ ವಿಷಯ ನೋಟಿಸಿನಲ್ಲಿ ಇತ್ತು. ಎಲ್ಲರೂ ಓದಿಯೂ ಇದ್ದರು.

ಕಾರ್ಯದರ್ಶಿಗಳು ಕೊಟ್ಟ ಮೂಲ ಪ್ರತಿ ಇದು:

"ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಸುವುದೇನೆಂದರೆ, ಇದೇ 14ನೇ ತಾರೀಕು ಭಾನುವಾರದಂದು ಬೆಳಿಗ್ಗೆ 7 ಗಂಟೆಯಿಂದ ಸಂಪ್ ಹಾಗೂ ಓವರ್‌ಹೆಡ್ ಟ್ಯಾಂಕ್ ಸ್ವಚ್ಛಗೊಳಿಸುವ ಕಾರ್ಯವನ್ನು ಹಮ್ಮಿಕೊಂಡಿರುವ ಪ್ರಯುಕ್ತ ಸಂಜೆ 4 ಗಂಟೆಯವರೆಗೆ ನೀರು ಸರಬರಾಜನ್ನು ಸ್ಥಗಿತಗೊಳಿಸಲಾಗುವುದು ಎಂದು ತಿಳಿಸಲು ಇಚ್ಛಿಸುತ್ತೇವೆ. ಸಂಜೆ 4 ಗಂಟೆಯ ನಂತರ ಬರುವ ನೀರನ್ನು ಕುಡಿಯಲು, ಅಡುಗೆಗೆ ಹಾಗೂ ಮಕ್ಕಳ ಹಾಲಿನ ಬಾಟಲಿ ತೊಳೆಯಲು ಸೋಮವಾರ ಬೆಳಿಗ್ಗೆಯವರೆಗೆ ಉಪಯೋಗಿಸಬಾರದಾಗಿ ವಿನಂತಿ. ನೀರು ಬೆಳ್ಳಗೆ ಬಂದಲ್ಲಿ ಬ್ಲೀಚಿಂಗ್ ಪುಡಿಯಿಂದ ಎಂದು ಆತಂಕ ಪಡುವ ಅಗತ್ಯವಿರುವುದಿಲ್ಲ, ಪೈಪಿನೊಳಗೆ ಗಾಳಿ ಸೇರಿರುವುದರಿಂದ ಹಾಗೆ ಕಂಡುಬರುತ್ತದೆ. ನಲ್ಲಿಗಳನ್ನು ಮುಚ್ಚಿರುವುದನ್ನು ಮನೆಯಿಂದ ಹೊರಹೋಗುವ ಮುನ್ನ ಖಚಿತಪಡಿಸಿಕೊಳ್ಳುವುದು. ತುರ್ತು ಅಗತ್ಯವಿದ್ದವರಿಗೆ ಗೇಟಿನ ಬಳಿಯ ಡ್ರಮ್ಮಿನಲ್ಲಿ ನೀರಿನ ವ್ಯವಸ್ಥೆಯನ್ನು ಮಾಡಲಾಗಿರುತ್ತದೆ."

ಇದರಲ್ಲಿ ಸುಳ್ಳಿಲ್ಲ, ವ್ಯಾಕರಣದ ತಪ್ಪಿಲ್ಲ, ಹೇಳಬೇಕಾದದ್ದು ಯಾವುದೂ ಬಿಟ್ಟುಹೋಗಿಲ್ಲ. ಕೆಟ್ಟಿರುವುದು ಜಾಗ. ಓದುವವನ ಮನಸ್ಸು ಪೂರ್ಣವಿರಾಮದ ಹತ್ತಿರ ಒಂದು ಗಳಿಗೆ ನಿಲ್ಲುತ್ತದೆ, ಅಲ್ವಾ? ನಿಲ್ಲುವ ಮುಂಚೆ ಸಿಕ್ಕ ಮಾತು ಉಳಿದುಕೊಳ್ಳುತ್ತದೆ. ಈ ಹಾಳೆಯಲ್ಲಿ ಆ ಜಾಗದಲ್ಲಿ ಕೂತಿರುವವರು ಯಾರು ನೋಡಿ: "ತಿಳಿಸಲು ಇಚ್ಛಿಸುತ್ತೇವೆ", "ವಿನಂತಿ", "ಕಂಡುಬರುತ್ತದೆ", "ಖಚಿತಪಡಿಸಿಕೊಳ್ಳುವುದು", "ಮಾಡಲಾಗಿರುತ್ತದೆ". ಮನೆಯ ಒಳ್ಳೇ ಕುರ್ಚಿಗಳಲ್ಲೆಲ್ಲ ಕೆಲಸವಿಲ್ಲದವರು ಕೂತಿದ್ದಾರೆ.

ಕೆಲಸಕ್ಕೆ ತೆಗೆದುಕೊಂಡ ಸಾಮಾನು ಜಾಸ್ತಿ ಏನಿಲ್ಲ. ಪೆನ್ಸಿಲು, ಮತ್ತು ಎರಡು ಪರೀಕ್ಷೆ. ಮೊದಲನೆಯದು ಬೆರಳಿನ ಪರೀಕ್ಷೆ: ವಾಕ್ಯದ ಕೊನೆಯ ಎರಡು ಮೂರು ಪದಗಳನ್ನು ಬೆರಳಿಂದ ಮುಚ್ಚಿ ಓದುವುದು. ಸುದ್ದಿ ಏನೂ ಕಡಿಮೆಯಾಗದಿದ್ದರೆ ಆ ಬಾಲ ಖಾಲಿ. ಎರಡನೆಯದು ಪ್ರಶ್ನೆಯ ಪರೀಕ್ಷೆ: ಈ ವಾಕ್ಯ ಯಾವ ಪ್ರಶ್ನೆಗೆ ಉತ್ತರ ಅಂತ ಕೇಳಿಕೊಳ್ಳುವುದು. ಎಷ್ಟು ಹೊತ್ತಿಗೆ? ಎಲ್ಲಿ? ಏನು ಮಾಡಬೇಕು? ಆ ಪ್ರಶ್ನೆಗೆ ಉತ್ತರವಾಗುವ ಪದಕ್ಕೆ ಪೆನ್ಸಿಲಲ್ಲಿ ಗೆರೆ ಎಳೆಯುವುದು. ಗೆರೆ ಎಳೆದ ಪದ ಎಲ್ಲಿದೆ, ಪೂರ್ಣವಿರಾಮ ಎಲ್ಲಿದೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ನಮ್ಮ ಹಾಳೆಯ ಮೊದಲ ವಾಕ್ಯದಲ್ಲಿ "7" ಎಲ್ಲೋ ನಡುವೆ ಇದೆ. ಅದಾದ ಮೇಲೆ ಇಪ್ಪತ್ತರ ಹತ್ತಿರ ಪದ ದಾಟಿದರೆ ಪೂರ್ಣವಿರಾಮ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಕೊಡುವ ಸಲಹೆ ಸುಲಭ: ಮುಖ್ಯವಾದದ್ದನ್ನು ವಾಕ್ಯದ ಕೊನೆಗೆ ತಳ್ಳಿ. ಅವರಿಗೆ ಕೊನೆಯ ಜಾಗ ಸಾಮಾನ್ಯವಾಗಿ ಖಾಲಿ ಸಿಗುತ್ತದೆ, ಕ್ರಿಯಾಪದ ನಡುವೆಯೇ ಮುಗಿದಿರುತ್ತದೆ. ಕನ್ನಡದಲ್ಲಿ ಕೊನೆಯ ಜಾಗ ಕ್ರಿಯಾಪದದ್ದು. ಹಾಗಾಗಿ ನಮ್ಮಲ್ಲಿ ಒತ್ತು ಬೀಳಬೇಕಾದ ಪದಕ್ಕೆ ದಾರಿ ಮೂರು. ಕ್ರಿಯಾಪದವೇ ಸುದ್ದಿಯಾದರೆ ಅದು ಇದ್ದಲ್ಲೇ ಇರಲಿ. ಬೇರೆ ಪದ ಸುದ್ದಿಯಾದರೆ ಅದನ್ನು ಕ್ರಿಯಾಪದಕ್ಕೆ ಮೈತಾಗಿಸಿ ಕೂರಿಸಬೇಕು. ಅದೂ ಸಾಲದಿದ್ದರೆ ಕ್ರಿಯಾಪದವನ್ನು "ನಿಲ್ಲುವುದು", "ಬಂದದ್ದು" ಅಂತ ಹೆಸರಾಗಿ ಮಾಡಿ ಮುಂದಕ್ಕೆ ಕರೆದು, ಕೊನೆಯ ಕುರ್ಚಿಯನ್ನೇ ಬಿಡಿಸಿಕೊಳ್ಳಬೇಕು. ಈ ಹಾಳೆಗೆ ಮೂರೂ ಬೇಕಾಯಿತು.

ಮೊದಲ ವಾಕ್ಯ

ಬೆರಳಿನ ಪರೀಕ್ಷೆ ಮಾಡಿದೆ. "ಎಂದು ತಿಳಿಸಲು ಇಚ್ಛಿಸುತ್ತೇವೆ" ಮುಚ್ಚಿದರೂ ಏನೂ ಹೋಗಲಿಲ್ಲ. ತೆಗೆದೆ. ಮುಂದುಗಡೆ "ತಿಳಿಸುವುದೇನೆಂದರೆ" ಅಂತ ಒಮ್ಮೆ ಹೇಳಿಯಾಗಿದೆ, ಹಿಂದುಗಡೆ ಮತ್ತೆ ಅದೇ. ಎರಡೂ ಹೋದವು. ಈಗ ಬಾಲದಲ್ಲಿ ಉಳಿದದ್ದು "ಸ್ಥಗಿತಗೊಳಿಸಲಾಗುವುದು". ಇದು ಖಾಲಿ ಅಲ್ಲ, ನೀರು ನಿಲ್ಲುವ ಸುದ್ದಿ ಇದರಲ್ಲೇ ಇದೆ. ಆದರೆ ಓದುವವರಿಗೆ ಬೇಕಾದದ್ದು ಅದಾ?

ಪ್ರಶ್ನೆಯ ಪರೀಕ್ಷೆ. ಟ್ಯಾಂಕು ತೊಳೆಯುತ್ತಾರೆ ಅಂದ ತಕ್ಷಣ ನೀರು ನಿಲ್ಲುತ್ತದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಕೇಳಿದ್ದು "ಎಷ್ಟು ಹೊತ್ತಿಗೆ ನಿಲ್ಲಿಸ್ತೀರಾ?" ಅಂತ. ಬೆಳಿಗ್ಗೆ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಆ ಹೊತ್ತಿನ ಮೇಲೆ ನಿಂತಿದೆ. ಅಂದರೆ ಸುದ್ದಿ ಇರುವುದು "7ಕ್ಕೆ" ಅನ್ನುವುದರಲ್ಲಿ. ಒಂದೊಂದೇ ಜಾಗದಲ್ಲಿಟ್ಟು ನೋಡಿದೆ.

"ಭಾನುವಾರ ಬೆಳಿಗ್ಗೆ 7ಕ್ಕೆ ನೀರು ನಿಲ್ಲುತ್ತದೆ." ಗಟ್ಟಿಯಾಗಿ ಓದಿ. ದನಿ "ನೀರು" ಅನ್ನುವಲ್ಲಿ ಏರುತ್ತದೆ. ಕರೆಂಟಲ್ಲ, ಲಿಫ್ಟಲ್ಲ, ನೀರು. ಸಮಯ ಹಿನ್ನೆಲೆಗೆ ಹೋಯಿತು.

"ಭಾನುವಾರ ನೀರು ಬೆಳಿಗ್ಗೆ 7ಕ್ಕೆ ನಿಲ್ಲುತ್ತದೆ." ಈಗ "7ಕ್ಕೆ" ಕ್ರಿಯಾಪದದ ಪಕ್ಕಕ್ಕೆ ಬಂತು. ಒತ್ತು ಸರಿಯಾದ ಕಡೆ ಬಿತ್ತು. ಪದಗಳು ಅವೇ, ಒಂದನ್ನೂ ಸೇರಿಸಿಲ್ಲ. ನಾವು ಪ್ರಶ್ನೆ ಕೇಳುವಾಗಲೂ ಹೀಗೆಯೇ ಅಲ್ವಾ? "ನೀರು ಯಾವಾಗ ನಿಲ್ಲುತ್ತೆ?" ಅಂತೀವಿ, ಪ್ರಶ್ನೆಯ ಪದವನ್ನು ಕ್ರಿಯಾಪದದ ಮುಂದೆಯೇ ಇಡುತ್ತೇವೆ. ಉತ್ತರವೂ ಅದೇ ಕುರ್ಚಿಗೆ ಬಂದು ಕೂರುತ್ತದೆ.

"ಭಾನುವಾರ ನೀರು ನಿಲ್ಲುವುದು ಬೆಳಿಗ್ಗೆ 7ಕ್ಕೆ." ಈಗ ಪೂರ್ಣವಿರಾಮಕ್ಕೂ 7ಕ್ಕೂ ನಡುವೆ ಏನೂ ಇಲ್ಲ. ಮೂರರಲ್ಲಿ ಇದು ಅತಿ ಗಟ್ಟಿ. ಗೋಡೆಯ ಮೇಲಿನ ಹಾಳೆಯನ್ನು ಜನ ಲಿಫ್ಟು ಬರುವಷ್ಟರಲ್ಲಿ ಓದುತ್ತಾರೆ, ಅವರಿಗೆ ಇದೇ ಬೇಕು ಅಂತ ಇದನ್ನು ಇಟ್ಟುಕೊಂಡೆ.

ಆದರೆ ಇದಕ್ಕೊಂದು ಷರತ್ತಿದೆ. "ನೀರು ನಿಲ್ಲುವುದು" ಅಂತ ಶುರು ಮಾಡಿದರೆ, ನೀರು ನಿಲ್ಲುವ ವಿಷಯ ಓದುವವನಿಗೆ ಆಗಲೇ ಗೊತ್ತು ಅಂತ ಲೆಕ್ಕ. ಗೊತ್ತಿಲ್ಲದವನಿಗೆ ಅದು ಅರ್ಧದಲ್ಲಿ ಶುರುವಾದ ಮಾತಿನ ಹಾಗೆ ಕೇಳಿಸುತ್ತದೆ. ರಜೆ ಮುಗಿಸಿ ಊರಿಂದ ಬಂದವರು "ಯಾಕೆ ನಿಲ್ಲುತ್ತೆ, ಯಾರು ಹೇಳಿದ್ದು?" ಅಂತ ಕೇಳಿಯೇ ಕೇಳುತ್ತಾರೆ. ಹಾಗಾಗಿ ಅದರ ಮುಂದೆ ಒಂದು ಸಾದಾ ವಾಕ್ಯ ಹಾಕಬೇಕಾಯಿತು: "14ನೇ ತಾರೀಕು ಭಾನುವಾರ ಸಂಪು ಮತ್ತು ಟ್ಯಾಂಕು ತೊಳೆಸುತ್ತಿದ್ದೇವೆ." ತೊಳೆಸುವ ಸುದ್ದಿ ಈ ವಾಕ್ಯದ ಕೊನೆಯಲ್ಲಿ ಹೊಸದಾಗಿ ಬಂತು. ಮುಂದಿನ ವಾಕ್ಯದ ಹೊತ್ತಿಗೆ ಅದು ಹಳೆಯದಾಯಿತು, ಅದರ ಹೆಗಲ ಮೇಲೆ "ನೀರು ನಿಲ್ಲುವುದು" ನಿಂತಿತು. ಒಂದು ವಾಕ್ಯದ ಕೊನೆ ಮುಂದಿನದಕ್ಕೆ ಮೊದಲಾದರೆ ಓದು ಎಡವುವುದಿಲ್ಲ.

ಈ ಹಂತದಲ್ಲಿ ಕಾರ್ಯದರ್ಶಿಗಳು ಬಂದು ನೋಡಿ, "ಅಷ್ಟೆಲ್ಲ ಯಾಕ್ರೀ, ಮಾತಾಡೋ ಹಾಗೇ ಬರೆದುಬಿಡಿ. ನೀರು ಬರೋದಿಲ್ಲ ಭಾನುವಾರ! ಭಾನುವಾರ ಕೊನೆಗೆ ಬಂತಲ್ಲ" ಅಂದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಹಾಗೆ ಅಂದು ನೋಡಿ. ಒತ್ತು "ಬರೋದಿಲ್ಲ" ಮೇಲೆ ಬಿದ್ದು, "ಭಾನುವಾರ" ಅನ್ನುವಾಗ ದನಿ ಇಳಿದುಹೋಗುತ್ತದೆ. "ಬಂದ್ರಾ ನಿಮ್ಮಣ್ಣ?" "ಇನ್ನೂ ಇಲ್ಲ ಅವ್ನು" ಅನ್ನುವಾಗಲೂ ಅಷ್ಟೇ. ಕ್ರಿಯಾಪದ ದಾಟಿ ಆಚೆ ಬಿದ್ದ ಪದ ನಮ್ಮ ಮಾತಿನಲ್ಲಿ ನೆನಪಿಗೆ ಬಂದು ಸೇರಿಸಿದ ಪದ, ಇಬ್ಬರಿಗೂ ಗೊತ್ತಿರುವ ಪದ. ಹಾಗಾಗಿ ಬರೀ ಕೊನೆಗೆ ತಳ್ಳಿದರೆ ಒತ್ತು ಬರುವುದಿಲ್ಲ. ಕ್ರಿಯಾಪದ ತನ್ನ ಜಾಗ ಬಿಟ್ಟುಕೊಡಬೇಕು. "ಬರೋದಿಲ್ಲ ಭಾನುವಾರ" ಮತ್ತು "ನೀರು ಬರದಿರುವುದು ಭಾನುವಾರ" ಎರಡರಲ್ಲೂ ಭಾನುವಾರ ಕೊನೆಗೇ ಇದೆ, ಒಂದರಲ್ಲಿ ಮಾತ್ರ ಅದು ಸುದ್ದಿ.

ಎರಡನೇ ವಾಕ್ಯ

ಹಾಳೆಯಲ್ಲಿ ಅಪಾಯದ ವಾಕ್ಯ ಇದೇ. ಕನ್ನಡದಲ್ಲಿ ಬೇಡ, ಬಾರದು, ಇಲ್ಲ ಎಲ್ಲ ಕೊನೆಗೆ ಬರುತ್ತವೆ. "ಕುಡಿಯಬೇಡಿ" ಅಂದರೆ ಒತ್ತು ತಾನಾಗಿಯೇ ಬೀಳುತ್ತದೆ, ನಾವು ಏನೂ ಮಾಡಬೇಕಾಗಿಲ್ಲ. ಆದರೆ ವಾಕ್ಯ ಉದ್ದವಾದರೆ ಇದೇ ಗುಣ ಕೈಕೊಡುತ್ತದೆ. ಮೂಲದ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಓದಿ: "ಸಂಜೆ 4 ಗಂಟೆಯ ನಂತರ ಬರುವ ನೀರನ್ನು ಕುಡಿಯಲು, ಅಡುಗೆಗೆ ಹಾಗೂ ಮಕ್ಕಳ ಹಾಲಿನ ಬಾಟಲಿ ತೊಳೆಯಲು..." ಇಲ್ಲಿಗೆ ಲಿಫ್ಟು ಬಂತು ಅಂದುಕೊಳ್ಳಿ. ತಲೆಯಲ್ಲಿ ಉಳಿಯುವುದು ಪೂರ್ತಿ ಉಲ್ಟಾ ಅರ್ಥ. ಸಂಜೆ ಬರುವ ನೀರು ಕುಡಿಯೋಕೆ, ಅಡುಗೆಗೆ. ಕೊನೆವರೆಗೂ ಓದಿದವರಿಗಾದರೂ ಏನು ಸಿಕ್ಕಿತು? "ಬಾರದಾಗಿ ವಿನಂತಿ". ಬಾರದು ಅನ್ನುವುದರ ಹಲ್ಲು ಕಿತ್ತು, ಮೇಲೆ ವಿನಂತಿಯ ಹೊದಿಕೆ ಹೊದಿಸಿದ್ದಾರೆ.

ರಿಪೇರಿ ಮೂರು ಹಂತದಲ್ಲಿ ಆಯಿತು. ಮೊದಲು "ವಿನಂತಿ" ತೆಗೆದೆ. ಮರ್ಯಾದೆಗೆ "ಬೇಡಿ" ಅನ್ನುವ ಬಹುವಚನ ಸಾಕು. ಆಮೇಲೆ ಒಂದೇ ಬಾಲಕ್ಕೆ ನೇತುಹಾಕಿದ ಮೂರು ಕೆಲಸಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಅದರದ್ದೇ "ಬೇಡ" ಕೊಟ್ಟೆ:

"ಆ ಸಂಜೆ ಬರುವ ನೀರನ್ನು ಕುಡಿಯಬೇಡಿ. ಅಡುಗೆಗೂ ಬೇಡ. ಮಕ್ಕಳ ಹಾಲಿನ ಬಾಟಲಿ ತೊಳೆಯಲೂ ಬೇಡ."

ಈಗ ಯಾವ ಪೂರ್ಣವಿರಾಮದಲ್ಲಿ ಓದು ನಿಂತರೂ ಉಲ್ಟಾ ಅರ್ಥ ಬರುವುದಿಲ್ಲ.

ಮೂರನೇ ಹಂತ, ಹಾಗಾದರೆ ಆ ನೀರು ಯಾವುದಕ್ಕೆ? ಕಾರ್ಯದರ್ಶಿಗಳು ಪಕ್ಕದಲ್ಲಿ ಬರೆದು ಕೊಟ್ಟದ್ದು "ಈ ನೀರನ್ನು ಮಾತ್ರ ಸ್ನಾನಕ್ಕೆ, ಬಟ್ಟೆಗೆ ಬಳಸಿ" ಅಂತ. "ಮಾತ್ರ" ತನ್ನ ಹಿಂದಿನ ಪದಕ್ಕೆ ಅಂಟಿಕೊಳ್ಳುವ ಪದ. ಅವರು ಬರೆದ ಹಾಗಿದ್ದರೆ ಸ್ನಾನಕ್ಕೆ ಬೇರೆ ನೀರು ಬಳಸಬಾರದು, ಬಕೆಟ್ಟಲ್ಲಿ ಹಿಡಿದಿಟ್ಟದ್ದೂ ಬೇಡ ಅಂತ ಆಗುತ್ತದೆ. "ಈ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಮಾತ್ರ ಬಳಸಿ." ಎರಡು ಹೆಜ್ಜೆ ಸರಿಸಿದ್ದಷ್ಟೇ. ಮಾತ್ರವೂ ಸರಿಯಾದ ಪದವನ್ನು ಹಿಡಿಯಿತು, ಆ ಪದವೂ ಕ್ರಿಯಾಪದದ ಪಕ್ಕಕ್ಕೆ ಬಂತು.

ಸೋಮವಾರದ ಮಾತು ಇನ್ನೂ ಬಾಕಿ ಇತ್ತು. ಮೊದಲ ವಾಕ್ಯದಲ್ಲಿ ಕೆಲಸ ಮಾಡಿದ ಉಪಾಯವನ್ನೇ ಇಲ್ಲೂ ಹಾಕಿದರೆ "ಕುಡಿಯಬಹುದಾದದ್ದು ಸೋಮವಾರ ಬೆಳಿಗ್ಗೆಯಿಂದ" ಅಂತ ಆಗುತ್ತದೆ. "ಕುಡಿಯಬಹುದಾದದ್ದು" ಅನ್ನುವಷ್ಟರಲ್ಲೇ ನಾಲಿಗೆ ಸುಸ್ತು. ಬಹುದು, ಬೇಕು, ಬಾರದು ಇರುವ ಕ್ರಿಯಾಪದವನ್ನು ಹೆಸರು ಮಾಡಲು ಹೋದರೆ ಹೀಗೇ ಬಾಲ ಬೆಳೆಯುತ್ತದೆ. ಅಂಥ ಕಡೆ ಎರಡನೇ ದಾರಿಯೇ ವಾಸಿ: "ಸೋಮವಾರ ಬೆಳಿಗ್ಗೆಯಿಂದ ಕುಡಿಯಬಹುದು." ವಾಕ್ಯ ಇಷ್ಟು ಚಿಕ್ಕದಾದಾಗ ಸೋಮವಾರ ಕ್ರಿಯಾಪದದ ಮಗ್ಗುಲಲ್ಲೇ ಇದೆ, ಇನ್ನೇನು ಬೇಕು.

ಬಿಳಿ ನೀರಿನ ವಾಕ್ಯ

ಖಾಲಿ ಪೈಪಿಗೆ ಮತ್ತೆ ನೀರು ಬಿಟ್ಟಾಗ ಒಳಗೆ ಸಿಕ್ಕಿಕೊಂಡ ಗಾಳಿ ಸಣ್ಣ ಗುಳ್ಳೆಗಳಾಗಿ ನೀರಿನ ಜೊತೆ ಬರುತ್ತದೆ. ನೀರು ಹಾಲು ಬೆರೆಸಿದ ಹಾಗೆ ಕಾಣುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ತೊಳೆದ ದಿನವೇ ಹೀಗಾದರೆ ಜನ ಹೆದರುವುದು ಸಹಜ. ಮೂಲದ ವಾಕ್ಯ ಆ ಹೆದರಿಕೆ ಕಳೆಯಲೆಂದೇ ಬರೆದದ್ದು. ಆದರೆ ಅದರಲ್ಲಿ ಗಾಳಿ ನಡುವೆ ಸಿಕ್ಕಿಕೊಂಡಿದೆ, ಕೊನೆಗೆ "ಹಾಗೆ ಕಂಡುಬರುತ್ತದೆ". ಓದಿದವರ ಕಿವಿಯಲ್ಲಿ ಉಳಿಯುವುದು ಪುಡಿ ಮತ್ತು ಆತಂಕ, ಎರಡೇ.

ಇಲ್ಲಿ "ಇಲ್ಲ" ಮತ್ತು "ಅಲ್ಲ" ನೋಡಿಕೊಂಡು ಬಳಸಬೇಕು. "ನೀರು ಪುಡಿಯಿಂದ ಬೆಳ್ಳಗಾಗಿಲ್ಲ" ಅಂದರೆ ಇಲ್ಲ ಅನ್ನುವುದು ಇಡೀ ವಾಕ್ಯದ ಮೇಲೆ ಕೂರುತ್ತದೆ. ನೀರು ಬೆಳ್ಳಗೇ ಆಗಿಲ್ಲ ಅಂತಲೂ ಕೇಳಿಸುತ್ತದೆ. ಎದುರಿಗೆ ಲೋಟದಲ್ಲಿ ಬಿಳಿ ನೀರು ಹಿಡಿದು ನಿಂತವರಿಗೆ ಇದನ್ನು ಹೇಳಿದರೆ ನಂಬುತ್ತಾರಾ? "ಬೆಳ್ಳಗಾಗಿರುವುದು ಪುಡಿಯಿಂದ ಅಲ್ಲ" ಅಂದರೆ ಬಿಳಿ ಬಣ್ಣ ಒಪ್ಪಿಕೊಂಡ ಹಾಗಾಯಿತು, ಕಾರಣವನ್ನು ಮಾತ್ರ ತಳ್ಳಿಹಾಕಿದ ಹಾಗಾಯಿತು. ಅಲ್ಲ ಅನ್ನುವುದು ತನ್ನ ಹಿಂದಿನ ಒಂದೇ ಪದವನ್ನು ಹಿಡಿಯುತ್ತದೆ.

ಉಳಿದದ್ದು ಯಾವುದು ಮೊದಲು, ಯಾವುದು ಕೊನೆಗೆ ಅನ್ನುವ ತೀರ್ಮಾನ.

"ನೀರು ಬೆಳ್ಳಗೆ ಕಂಡರೆ ಅದಕ್ಕೆ ಕಾರಣ ಪೈಪಿನೊಳಗಿನ ಗಾಳಿ, ಬ್ಲೀಚಿಂಗ್ ಪುಡಿಯಲ್ಲ."

"ನೀರು ಬೆಳ್ಳಗೆ ಕಂಡರೆ ಅದಕ್ಕೆ ಕಾರಣ ಬ್ಲೀಚಿಂಗ್ ಪುಡಿಯಲ್ಲ, ಪೈಪಿನೊಳಗಿನ ಗಾಳಿ."

ಎರಡರಲ್ಲೂ ಅದೇ ಪದಗಳು. ಮೊದಲನೆಯದು ಮುಗಿದಾಗ ಬಾಯಲ್ಲಿ ಉಳಿಯುವುದು ಬ್ಲೀಚಿಂಗ್ ಪುಡಿ. ಎರಡನೆಯದರಲ್ಲಿ ಗಾಳಿ. ಓದುವವರ ತಲೆಯಲ್ಲಿ ಅನುಮಾನ ಆಗಲೇ ಇದ್ದರೆ ಅದನ್ನು ಮೊದಲು ಎತ್ತಿ ಆಚೆ ಹಾಕಿ, ಖಾಲಿಯಾದ ಜಾಗಕ್ಕೆ ನಿಜವನ್ನು ತಂದಿಡುವುದು ಒಳ್ಳೆಯದು. ಎರಡನೆಯದನ್ನು ಇಟ್ಟುಕೊಂಡೆ. ಪಕ್ಕದಲ್ಲಿ ಮನೆಯಲ್ಲೇ ನೋಡಿಕೊಳ್ಳಲು ಒಂದು ಸಾಲು ಸೇರಿಸಿದೆ: "ಲೋಟದಲ್ಲಿ ಹಿಡಿದಿಡಿ. ಗಾಳಿಯಾದರೆ ಒಂದೆರಡು ನಿಮಿಷದಲ್ಲಿ ತಳದಿಂದ ತಿಳಿಯಾಗುತ್ತಾ ಬರುತ್ತದೆ." ಗುಳ್ಳೆ ಮೇಲಕ್ಕೇ ಏರುವುದರಿಂದ ತಳವೇ ಮೊದಲು ತಿಳಿಯಾಗುವುದು.

ಉಳಿದ ಸಣ್ಣ ಕೆಲಸಗಳು

ನಲ್ಲಿಯ ವಾಕ್ಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಖಚಿತಪಡಿಸಿಕೊಳ್ಳುವುದು" ಅನ್ನುವುದು ಕೈ ಮಾಡುವ ಕೆಲಸವಲ್ಲ. ಕೈ ಮಾಡಬೇಕಾದ ಕೆಲಸ ಮುಚ್ಚುವುದು. "ಮನೆಗೆ ಬೀಗ ಹಾಕುವ ಮುಂಚೆ ಎಲ್ಲ ನಲ್ಲಿ ಮುಚ್ಚಿ." ಇಲ್ಲಿ ಕ್ರಿಯಾಪದವೇ ಸುದ್ದಿ, ಅದು ತನ್ನ ಜಾಗದಲ್ಲೇ ಇದೆ. ಸುಮ್ನೆ ಅಡ್ಡ ನಿಂತಿದ್ದವರನ್ನು ಸರಿಸಿದ್ದಷ್ಟೇ ನಾನು ಮಾಡಿದ್ದು.

ಡ್ರಮ್ಮಿನ ವಾಕ್ಯದಲ್ಲಿ ಪ್ರಶ್ನೆ "ಎಲ್ಲಿ?". "ಗೇಟಿನ ಪಕ್ಕದ ಡ್ರಮ್ಮಿನಲ್ಲಿ ನೀರು ಇಟ್ಟಿರುತ್ತೇವೆ" ಅಂದರೆ "ನೀರು" ಕ್ರಿಯಾಪದಕ್ಕೆ ಅಂಟಿಕೊಂಡು ಒಳ್ಳೇ ಜಾಗ ಹಿಡಿದುಬಿಡುತ್ತದೆ. ಅದನ್ನು ಮುಂದಕ್ಕೆ ಕಳಿಸಿದೆ: "ತುರ್ತಿಗೆ ಬೇಕಾದ ನೀರನ್ನು ಗೇಟಿನ ಪಕ್ಕದ ಡ್ರಮ್ಮಿನಲ್ಲಿ ಇಟ್ಟಿರುತ್ತೇವೆ." ಕ್ರಿಯಾಪದದ ಪಕ್ಕದಲ್ಲಿದ್ದಾಗ ಬರೀ "ನೀರು" ಆಗಿದ್ದದ್ದು, ದೂರ ಹೋದ ಮೇಲೆ "ನೀರನ್ನು" ಆಯಿತು. ಈ "ಅನ್ನು" ಇರುವುದರಿಂದಲೇ ಕನ್ನಡದಲ್ಲಿ ಪದಗಳನ್ನು ಇಷ್ಟು ಧೈರ್ಯವಾಗಿ ಎತ್ತಿಡಬಹುದು. ಯಾರು ಮಾಡಿದರು, ಯಾರಿಗೆ ಆಯಿತು ಅನ್ನುವುದನ್ನು ಪ್ರತ್ಯಯವೇ ಹೊತ್ತುಕೊಂಡು ಹೋಗುತ್ತದೆ.

ಅದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಈ ಶೈಲಿ ಕಾರ್ಯದರ್ಶಿಗಳಿಗೆ ಇಷ್ಟವಾಗಿ, ತಾವೇ ಒಂದು ಸಾಲು ಬರೆದು ತಂದರು: "ರಾತ್ರಿಯಾದರೂ ನೀರು ಬಾರದಿದ್ದರೆ ಫೋನ್ ಮಾಡಬೇಕಾದದ್ದು ವಾಚ್‌ಮನ್." ವಾಚ್‌ಮನ್ ಅದನ್ನು ಓದಿ, "ನಾನು ಯಾರಿಗೆ ಫೋನ್ ಮಾಡ್ಬೇಕು ಸಾರ್?" ಅಂತ ಕೇಳಿದ. ಅವನು ಓದಿದ್ದೇ ಸರಿ. ಕೊನೆಗೆ ತಂದ ಪದದ ಪ್ರತ್ಯಯ ಬಿದ್ದುಹೋದರೆ ಫೋನ್ ಮಾಡುವವನೂ ಮಾಡಿಸಿಕೊಳ್ಳುವವನೂ ಅದಲು ಬದಲು. "ವಾಚ್‌ಮನ್‌ಗೆ" ಅಂತ ಒಂದು "ಗೆ" ಹಾಕಿದರೆ ತೀರಿತು. ನಾನು ಇನ್ನೂ ಸಾದಾ ಮಾಡಿ "ವಾಚ್‌ಮನ್‌ಗೆ ಫೋನ್ ಮಾಡಿ" ಅಂತಲೇ ಇಟ್ಟೆ. ಕಾರಣ ಬೇರೆ. ಅಷ್ಟು ಹೊತ್ತಿಗೆ ಹಾಳೆಯಲ್ಲಿ "ನಿಲ್ಲುವುದು", "ಬರುವುದು", "ಸಿಗುವುದು", "ಮಾಡಬೇಕಾದದ್ದು" ಸಾಲುಗಟ್ಟಿ ನಿಂತಿದ್ದವು. ಓದಿದರೆ ಒಗಟು ಬಿಡಿಸಿದ ಹಾಗೆ ಕೇಳುತ್ತಿತ್ತು. ಒಂದು ಹಾಳೆಗೆ ಇಂಥದ್ದು ಒಂದೋ ಎರಡೋ ಸಾಕು.

"ಏ" ಕೂಡ ಹಾಗೆಯೇ. ಕಾರ್ಯದರ್ಶಿಗಳಿಗೆ "7ಕ್ಕೇ ನಿಲ್ಲುತ್ತದೆ" ಅಂತ ಇರಲಿ, ಜೋರಾಗಿ ಕೇಳಿಸುತ್ತೆ ಅಂತ ಆಸೆ. ಜೋರೇನೋ ಹೌದು. ಆದರೆ "7ಕ್ಕೇ" ಅಂದರೆ ಅಂದುಕೊಂಡದ್ದಕ್ಕಿಂತ ಬೇಗ, ಇಷ್ಟು ಬೆಳಿಗ್ಗೇನಾ ಅನ್ನುವ ಅರ್ಥವೂ ಬರುತ್ತದೆ. ದೂರಿದ ಹಾಗೆ ಕೇಳಿಸುತ್ತದೆ. ಪದವನ್ನು ಸರಿಯಾದ ಜಾಗದಲ್ಲಿಟ್ಟರೆ ಏ ಬೇಕಾಗುವುದಿಲ್ಲ. ಜಾಗ ತಪ್ಪಿದಾಗ ಕೈ ಅದರ ಕಡೆ ಹೋಗುತ್ತದೆ. ನೋಟಿಸಿನಿಂದ ಎಲ್ಲ ಏ ತೆಗೆಸಿದೆ.

ಅಂಟಿಸುವ ಮುಂಚೆ

ಕೆಲಸ ಮಾಡಿಸುವ ಪ್ಲಂಬರ್‌ಗೆ ಒಮ್ಮೆ ಓದಿ ಹೇಳಿದೆ. ಆಗ ಹಾಳೆಯಲ್ಲಿ ಹೀಗಿತ್ತು: "ನೀರು ನಿಲ್ಲುವುದು ಬೆಳಿಗ್ಗೆ 7ಕ್ಕೆ. ಮತ್ತೆ ಬರುವುದು ಸಂಜೆ 4ಕ್ಕೆ." ಅವರು ಮೊದಲನೆಯದಕ್ಕೆ ತಲೆ ಆಡಿಸಿದರು. ಎರಡನೆಯದಕ್ಕೆ, "ಅಯ್ಯೋ, ಹಂಗೆ ಗ್ಯಾರಂಟಿ ಕೊಡಬೇಡಿ. ತೊಳೆದು, ಸಂಪು ತುಂಬಿ, ಮೇಲಕ್ಕೆ ಏರಿಸೋ ಹೊತ್ತಿಗೆ ಐದೂ ಆಗಬಹುದು" ಅಂದರು.

ಅವರು "ಗ್ಯಾರಂಟಿ" ಅಂದದ್ದು ಸರಿಯಾಗಿತ್ತು. ಮೂಲದ ಹಾಳೆಯಲ್ಲೂ 4 ಗಂಟೆ ಇತ್ತು. ಅದು ನಡುವೆ ಹುದುಗಿ ಹೋಗಿದ್ದರಿಂದ ಯಾರಿಗೂ ಅದು ಮಾತು ಕೊಟ್ಟ ಹಾಗೆ ಅನ್ನಿಸಿರಲಿಲ್ಲ. ಪೂರ್ಣವಿರಾಮದ ಪಕ್ಕಕ್ಕೆ ತಂದ ತಕ್ಷಣ ಅದು ಮಾತು ಕೊಟ್ಟ ಹಾಗಾಯಿತು. ಕೊನೆಗೆ ಬಂದ ಅಂಕಿಯನ್ನು ಜನ ಹಿಡಿದುಕೊಳ್ಳುತ್ತಾರೆ. ನಾಲ್ಕೂ ಐದಕ್ಕೆ ಇಂಟರ್‌ಕಾಮ್ ಬಡಿದುಕೊಳ್ಳುತ್ತದೆ. ಹಾಗಾಗಿ ಖಚಿತವಾದ 7 ಕೊನೆಯಲ್ಲಿ ಉಳಿಯಿತು, ಖಚಿತವಲ್ಲದ 4 ಮುಂದಕ್ಕೆ ಹೋಯಿತು: "ಸಂಜೆ 4, 5ರ ಹೊತ್ತಿಗೆ ನೀರು ಮತ್ತೆ ಬರುತ್ತದೆ." ಇಲ್ಲಿ ಕೊನೆಗೆ ಉಳಿದದ್ದು "ಬರುತ್ತದೆ". ಅದಕ್ಕೆ ಗ್ಯಾರಂಟಿ ಕೊಡಲು ಯಾರಿಗೂ ತಕರಾರಿಲ್ಲ.

ಅಂಟಿಸಿದ ಪ್ರತಿ:

"14ನೇ ತಾರೀಕು ಭಾನುವಾರ ಸಂಪು ಮತ್ತು ಟ್ಯಾಂಕು ತೊಳೆಸುತ್ತಿದ್ದೇವೆ. ಅವತ್ತು ನೀರು ನಿಲ್ಲುವುದು ಬೆಳಿಗ್ಗೆ 7ಕ್ಕೆ. ಮನೆಗೆ ಬೀಗ ಹಾಕುವ ಮುಂಚೆ ಎಲ್ಲ ನಲ್ಲಿ ಮುಚ್ಚಿ. ತುರ್ತಿಗೆ ಬೇಕಾದ ನೀರನ್ನು ಗೇಟಿನ ಪಕ್ಕದ ಡ್ರಮ್ಮಿನಲ್ಲಿ ಇಟ್ಟಿರುತ್ತೇವೆ.

ಸಂಜೆ 4, 5ರ ಹೊತ್ತಿಗೆ ನೀರು ಮತ್ತೆ ಬರುತ್ತದೆ. ಆ ನೀರನ್ನು ಕುಡಿಯಬೇಡಿ. ಅಡುಗೆಗೂ ಬೇಡ. ಮಕ್ಕಳ ಹಾಲಿನ ಬಾಟಲಿ ತೊಳೆಯಲೂ ಬೇಡ. ಸ್ನಾನಕ್ಕೆ, ಬಟ್ಟೆಗೆ ಮಾತ್ರ ಬಳಸಿ. ಸೋಮವಾರ ಬೆಳಿಗ್ಗೆಯಿಂದ ಕುಡಿಯಬಹುದು.

ನೀರು ಬೆಳ್ಳಗೆ ಕಂಡರೆ ಅದಕ್ಕೆ ಕಾರಣ ಬ್ಲೀಚಿಂಗ್ ಪುಡಿಯಲ್ಲ, ಪೈಪಿನೊಳಗಿನ ಗಾಳಿ. ಲೋಟದಲ್ಲಿ ಹಿಡಿದಿಡಿ. ಗಾಳಿಯಾದರೆ ಒಂದೆರಡು ನಿಮಿಷದಲ್ಲಿ ತಳದಿಂದ ತಿಳಿಯಾಗುತ್ತಾ ಬರುತ್ತದೆ. ರಾತ್ರಿಯಾದರೂ ನೀರು ಬಾರದಿದ್ದರೆ ವಾಚ್‌ಮನ್‌ಗೆ ಫೋನ್ ಮಾಡಿ."

ನಲ್ಲಿಯ ಮಾತನ್ನು ನೀರು ನಿಲ್ಲುವ ಮಾತಿನ ಬೆನ್ನಿಗೇ ತಂದದ್ದು ಬೇಕೆಂದೇ. ನಲ್ಲಿ ತೆರೆದಿಡುವುದು ನೀರಿಲ್ಲದಾಗಲೇ, ಬರುತ್ತದಾ ಅಂತ ತಿರುಗಿಸಿ ನೋಡಿ ಹಾಗೇ ಬಿಟ್ಟುಹೋಗುತ್ತಾರೆ.

ಗೇಟಿನ ಕಪ್ಪು ಹಲಗೆಗೆ ಇದರಲ್ಲಿ ನಾಲ್ಕು ಸಾಲು ಬರೆಯಲು ವಾಚ್‌ಮನ್‌ಗೆ ಹೇಳಿದ್ದೆ. ಹಲಗೆ ಅಗಲ ಕಡಿಮೆ. ಮೊದಲ ಸಲ ಬರೆದಾಗ "ಆ ನೀರನ್ನು ಕುಡಿಯ" ಒಂದು ಸಾಲಿಗೆ ಬಂತು, "ಬೇಡಿ" ಮುಂದಿನ ಸಾಲಿಗೆ ಇಳಿಯಿತು. ದೂರದಿಂದ ನೋಡಿದರೆ ಬೇಡಿ ಅನ್ನುವುದು ಕೆಳಗಿನ "ಅಡುಗೆಗೂ" ಜೊತೆ ಸೇರಿದ ಹಾಗೆ ಕಾಣುತ್ತಿತ್ತು. ಬೇಡ, ಬಾರದು ಕೊನೆಗೆ ಬರುವ ಭಾಷೆಯಲ್ಲಿ ಸಾಲು ಮುರಿಯುವಾಗ ಹುಷಾರಾಗಿರಬೇಕು. "ಆ ನೀರನ್ನು" ಮೇಲಿನ ಸಾಲಿಗೆ, "ಕುಡಿಯಬೇಡಿ" ಪೂರ್ತಿಯಾಗಿ ಕೆಳಗಿನ ಸಾಲಿಗೆ ಅಂತ ಮತ್ತೆ ಬರೆಸಿದೆ.

ವಾಟ್ಸಾಪ್ ಗುಂಪಿಗೆ ಇದೇ ಪ್ರತಿ ಹಾಕಲಿಲ್ಲ. ಅಲ್ಲಿ ಫೋನಿನ ಮೇಲ್ಭಾಗದಲ್ಲಿ ಮೊದಲ ಕೆಲವು ಪದಗಳಷ್ಟೇ ಮಿಂಚಿ ಹೋಗುತ್ತವೆ. ವಾಕ್ಯದ ಕೊನೆ ಯಾರಿಗೂ ಕಾಣುವುದಿಲ್ಲ, ಅದನ್ನು ನಂಬಿ ಕೂರುವ ಹಾಗಿಲ್ಲ. ಅಲ್ಲಿಗೆ ತಲೆಗೆ ಒಂದು ತುಂಡು ಬೇರೆ ಮಾಡಿಕೊಟ್ಟೆ: "ಭಾನುವಾರ 7ರಿಂದ ನೀರಿಲ್ಲ. ಸಂಜೆ ಬರುವ ನೀರು ಕುಡಿಯಬೇಡಿ." ಅದರ ಕೆಳಗೆ ಮೇಲಿನ ಪ್ರತಿ. ಕಾರ್ಯದರ್ಶಿಗಳು ಅದನ್ನು ಕಳಿಸುವಾಗ ಮೇಲೆ "ಸಮಸ್ತ ನಿವಾಸಿಗಳ ಗಮನಕ್ಕೆ" ಅಂತ ಸೇರಿಸಿದರು. ಫೋನಿನ ಪರದೆಯ ಮೇಲೆ ಕಂಡದ್ದು ಅದೊಂದೇ ಸಾಲು. ಈಗ ಅದನ್ನು ಕೆಳಗೆ, ಅವರ ಸಹಿಯ ಪಕ್ಕಕ್ಕೆ ಇಳಿಸುವ ಮಾತುಕತೆ ನಡೆದಿದೆ.